ಗಲ್ಲಾ ಸರಿಯಿತ್ತು, ಬಿಲ್ಲು ತಪ್ಪಿತ್ತು

ನನ್ನದು ಲೇಖನ ಸಾಮಗ್ರಿಯ ಅಂಗಡಿ. ಪ್ರತಿ ರಾತ್ರಿ ಬಾಗಿಲು ಹಾಕುವ ಮೊದಲು ಆ ದಿನದ ಬಿಲ್ಲುಗಳ ಮೊತ್ತಕ್ಕೂ ಗಲ್ಲಾದಲ್ಲಿರುವ ಹಣಕ್ಕೂ ತಾಳೆ ನೋಡುತ್ತೇನೆ. ಆ ತಿಂಗಳು ಒಂದು ದಿನವೂ ವ್ಯತ್ಯಾಸ ಬಂದಿರಲಿಲ್ಲ. ಹಾಗಾಗಿ ತಿಂಗಳ ಲೆಕ್ಕ ಮುಗಿಸಲು ಕುಳಿತಾಗ ಒಂದು ಗಂಟೆಯ ಕೆಲಸ ಎಂದುಕೊಂಡಿದ್ದೆ.

ಲೆಕ್ಕದ ಕ್ರಮ ಸರಳ. ತಿಂಗಳ ಮೊದಲ ದಿನದ ದಾಸ್ತಾನಿಗೆ ಆ ತಿಂಗಳ ಖರೀದಿ ಕೂಡಿಸಿ, ಕೊನೆಯ ದಿನದ ದಾಸ್ತಾನು ಕಳೆದರೆ ಮಾರಿದ ಸರಕಿನ ಅಸಲು ಸಿಗುತ್ತದೆ. ಮಾರಾಟದಿಂದ ಆ ಅಸಲನ್ನು ಕಳೆದರೆ ಉಳಿಯುವುದು ಒಟ್ಟು ಲಾಭ. ನಾನು ಇದನ್ನು ಇಡೀ ಅಂಗಡಿಗೆ ಒಮ್ಮೆ, ಆಮೇಲೆ ಒಂದೊಂದು ಬಗೆಯ ಸರಕಿಗೂ ಬೇರೆಬೇರೆಯಾಗಿ ನೋಡುತ್ತೇನೆ. ಇಡೀ ಅಂಗಡಿಯ ಲಾಭ ಸ್ವಲ್ಪವೇ ಇಳಿದಿತ್ತು, ಅಷ್ಟು ಏರಿಳಿತ ಯಾವ ತಿಂಗಳಲ್ಲಾದರೂ ಇರುತ್ತದೆ. ಆದರೆ ನೂರು ಪುಟದ ನೋಟ್‌ಬುಕ್ಕಿನ ಸಾಲಿಗೆ ಬಂದಾಗ ಕಣ್ಣು ನಿಂತಿತು. ಮಾರಾಟದ ಮೇಲೆ ಶೇಕಡಾ 25 ಸಿಗಬೇಕಾದ ಕಡೆ ಶೇಕಡಾ 10 ಎಂದಿತ್ತು.

ಖರೀದಿ ದರ ಏರಿದ್ದು ನನಗೆ ನೆನಪಿತ್ತು. ಹೊಸ ಸರಕು ಬಂದಾಗ ಕಟ್ಟಿನ ದರ ಶೇಕಡಾ 20ರಷ್ಟು ಹೆಚ್ಚಾಗಿತ್ತು. ಕಾಗದದ ಬೆಲೆ ಏರಿರಬೇಕು, ಮುಂದಿನ ತಿಂಗಳು ನಮ್ಮ ಮಾರಾಟದ ದರವನ್ನೂ ಏರಿಸಿದರಾಯಿತು ಎಂದು ಸುಮ್ಮನಾಗಿದ್ದೆ. ಅವತ್ತು ದರ ಏರಿಸಿಬಿಟ್ಟಿದ್ದರೆ ಈ ತಪ್ಪು ಎಂದೂ ಹೊರಗೆ ಬರುತ್ತಿರಲಿಲ್ಲ. ಲಾಭದ ಅಂಕಿ ಮತ್ತೆ ಸರಿಯಾಗಿ ಕಾಣಿಸುತ್ತಿತ್ತು, ಬಿಡಿಯಾಗಿ ಕೊಳ್ಳುವವರು ಕಾರಣವಿಲ್ಲದೆ ಹೆಚ್ಚು ಕೊಡುತ್ತಿದ್ದರು.

ದರದ ಮಾತು ಬಿಟ್ಟು ಮೊದಲು ಎಣಿಕೆ ನೋಡೋಣ ಎಂದು ದಾಸ್ತಾನಿನ ವರದಿ ತೆಗೆದೆ. ಪುಸ್ತಕದ ಪ್ರಕಾರ 103 ನೋಟ್‌ಬುಕ್ ಉಳಿದಿರಬೇಕು. ಹುಡುಗ ಕಪಾಟಿನ ಮುಂದೆ ನಿಂತು ಎಣಿಸಿದ: ಒಡೆಯದ ಕಟ್ಟು 11, ಬಿಡಿ 9. ಕಟ್ಟಿಗೆ 10ರಂತೆ 119. ಅಂದರೆ ಪುಸ್ತಕಕ್ಕಿಂತ 16 ಹೆಚ್ಚು.

ಇಲ್ಲೇ ನನಗೆ ಇದು ಬೇರೆ ಜಾತಿಯ ತಪ್ಪು ಎಂದು ಗೊತ್ತಾದದ್ದು. ಯಾರಾದರೂ ಕದ್ದಿದ್ದರೆ, ಅಥವಾ ಬಿಲ್ ಮಾಡದೆ ಕೊಟ್ಟಿದ್ದರೆ, ಸರಕು ಕಡಿಮೆ ಇರಬೇಕು. ಲಾಭವೂ ಕುಸಿದು ಸರಕೂ ಹೆಚ್ಚಿದೆ ಎಂದರೆ, ಅಳತೆಯಲ್ಲೇ ಏನೋ ಎಡವಟ್ಟಾಗಿದೆ. ಒಂದು ಕಟ್ಟು ತೆಗೆದುಕೊಂಡು ಬಾ ಎಂದೆ. ಹೊದಿಕೆ ಹರಿದು, ಮೇಜಿನ ಮೇಲೆ ಒಂದೊಂದಾಗಿ ಇಟ್ಟು ಎಣಿಸಿದೆ. ಹನ್ನೆರಡು.

‘ಸರ್, ಈ ಸಲ ಬಂದ ಕಟ್ಟುಗಳು ದಪ್ಪ ಇವೆ, ಕಪಾಟಿನಲ್ಲಿ ಸರಿಯಾಗಿ ಕೂರುವುದಿಲ್ಲ ಎಂದು ನಾನು ಅವತ್ತೇ ಹೇಳಿದ್ದೆ’ ಎಂದ ಹುಡುಗ. ಹೇಳಿದ್ದು ನಿಜ. ಕಪಾಟು ಸರಿಮಾಡಿಸೋಣ ಎಂದಿದ್ದೆ.

ಸರಬರಾಜುದಾರರು ಕಟ್ಟನ್ನು 10ರಿಂದ 12ಕ್ಕೆ ಬದಲಿಸಿದ್ದರು. ಅವರ ಬಿಲ್ಲಿನಲ್ಲಿ ಸರಕಿನ ಹೆಸರಿನ ತುದಿಯಲ್ಲಿ 12 ಎಂದು ಮುದ್ರಿಸಿಯೂ ಇದ್ದರು. ನನ್ನ ಬಿಲ್ಲಿಂಗ್ ತಂತ್ರಾಂಶದಲ್ಲಿ ಮಾತ್ರ ಒಂದು ಕಟ್ಟು ಎಂದರೆ ಹತ್ತು ಎಂಬ ಹಳೆಯ ಪರಿವರ್ತನೆಯೇ ಉಳಿದಿತ್ತು. ಹಾಗಾಗಿ ಇಡೀ ಕಟ್ಟು ಕೊಂಡವರಿಗೆ ಹತ್ತು ನೋಟ್‌ಬುಕ್ಕಿನ ಬಿಲ್ ಹೋಗುತ್ತಿತ್ತು, ಕೈಗೆ ಹನ್ನೆರಡು ಹೋಗುತ್ತಿದ್ದವು. ಬಿಲ್ಲಿನಲ್ಲಿ ಬರೆದಷ್ಟೇ ಹಣ ಗಲ್ಲಾಕ್ಕೆ ಬರುತ್ತಿದ್ದುದರಿಂದ ರಾತ್ರಿಯ ತಾಳೆಗೆ ಇದು ಸಿಗುವಂತೆಯೇ ಇರಲಿಲ್ಲ. ಅಸಲಿಗಿಂತ ಕಡಿಮೆ ದರಕ್ಕೆ ಮಾರಿದರೆ ತಂತ್ರಾಂಶ ಎಚ್ಚರಿಸುತ್ತದೆ, ಅದೂ ಆಗಲಿಲ್ಲ. ಹತ್ತರ ಬೆಲೆಗೆ ಹನ್ನೆರಡು ಕೊಟ್ಟರೂ ಶೇಕಡಾ 10 ಉಳಿಯುತ್ತಿತ್ತಲ್ಲ. ಸಣ್ಣ ಲಾಭ ಉಳಿದಿದ್ದರಿಂದಲೇ ತಪ್ಪು ಇಡೀ ತಿಂಗಳು ಅಡಗಿ ಕುಳಿತಿತ್ತು.

ಹಾಗಿದ್ದರೂ ಅಂಕಿಗಳು ಒಂದಕ್ಕೊಂದು ಹೊಂದುವವರೆಗೆ ನಾನು ನಂಬುವುದಿಲ್ಲ. ಹಳೆಯ ಕಟ್ಟುಗಳೆಲ್ಲ ಹಿಂದಿನ ತಿಂಗಳೇ ಮುಗಿದಿದ್ದುದರಿಂದ ಲೆಕ್ಕ ಶುದ್ಧವಾಗಿತ್ತು. ಬಂದ ಕಟ್ಟು 60. ಇಡಿಯಾಗಿ ಮಾರಿದ್ದು 41. ಬಿಡಿಯಾಗಿ ಹೋದ ನೋಟ್‌ಬುಕ್ 87. ತಂತ್ರಾಂಶದ ಲೆಕ್ಕದಲ್ಲಿ 600ರಿಂದ 410 ಮತ್ತು 87 ಕಳೆದರೆ 103. ನಿಜದಲ್ಲಿ 720ರಿಂದ 492 ಮತ್ತು 87 ಕಳೆದರೆ 141. ಕಪಾಟಿನ 11 ಕಟ್ಟನ್ನು 12ರಂತೆ ಎಣಿಸಿ ಬಿಡಿಯ 9 ಕೂಡಿಸಿದೆ. 141 ಬಂತು. ಹೆಚ್ಚುವರಿ 38. ಇಡಿಯಾಗಿ ಮಾರದೆ ಉಳಿದ 19 ಕಟ್ಟುಗಳಿಗೆ ತಲಾ ಎರಡು. ಉಳಿದ 41 ಕಟ್ಟುಗಳ ತಲಾ ಎರಡು, ಅಂದರೆ 82 ನೋಟ್‌ಬುಕ್, ಬಿಲ್ಲಿಲ್ಲದೆ ಬಾಗಿಲು ದಾಟಿದ್ದವು.

ತಿದ್ದುವಾಗ ಅವಸರ ಮಾಡಲಿಲ್ಲ. ಹಳೆಯ ಸರಕಿನ ಪರಿವರ್ತನೆಯನ್ನೇ 12 ಮಾಡಿದರೆ, ಹಿಂದಿನ ತಿಂಗಳುಗಳಲ್ಲಿ ನಿಜವಾಗಿ ಹತ್ತರ ಕಟ್ಟು ಮಾರಿದ ದಾಖಲೆಗಳೂ ಕೆಡುವ ಅಪಾಯವಿತ್ತು. ಅದಕ್ಕೆ ಹನ್ನೆರಡರ ಕಟ್ಟನ್ನು ಹೊಸ ಸರಕಾಗಿ ಸೇರಿಸಿ, ಉಳಿದ 141ನ್ನು ತಿಂಗಳ ಕೊನೆಯ ದಿನಾಂಕದಲ್ಲಿ ಅದಕ್ಕೆ ವರ್ಗಾಯಿಸಿದೆ. ಒಂದರ ಅಸಲನ್ನು ಕಟ್ಟಿನ ದರದ ಹನ್ನೆರಡನೇ ಒಂದು ಭಾಗಕ್ಕೆ ಇಳಿಸಿದೆ. ನೋಟ್‌ಬುಕ್ಕಿನ ಲಾಭ ಶೇಕಡಾ 10ರಿಂದ 12.6ಕ್ಕೆ ಬಂತು. ಆ 82ನ್ನು ನಷ್ಟವೆಂದು ಬೇರೆಯಾಗಿ ಬರೆಯಲಿಲ್ಲ. ಅವುಗಳ ಅಸಲು ಮಾರಿದ ಸರಕಿನಲ್ಲಿ ಆಗಲೇ ಸೇರಿಹೋಗಿದೆ, ಮತ್ತೆ ಬರೆದರೆ ಒಂದೇ ನಷ್ಟವನ್ನು ಎರಡು ಸಲ ಹೊತ್ತಂತೆ. ಗಿರಾಕಿಗಳನ್ನೂ ಕೇಳಲಿಲ್ಲ. ನಾನು ಹೇಳಿದ ಬೆಲೆಯನ್ನೇ ಅವರು ಕೊಟ್ಟಿದ್ದರು.

ಲೆಕ್ಕ ಅಲ್ಲಿಗೆ ಮುಗಿಯಬೇಕಿತ್ತು, ಆದರೆ ನನಗೆ ಸಮಾಧಾನವಾಗಲಿಲ್ಲ. ಕಟ್ಟಿನ ದರ ಏರಿದ ಪ್ರಮಾಣವೂ ಎಣಿಕೆ ಏರಿದ ಪ್ರಮಾಣವೂ ಒಂದೇ ಆಗಿದ್ದುದು ತಲೆಯಲ್ಲಿ ಕೊರೆಯುತ್ತಿತ್ತು. ಕಟ್ಟಾಗಿ ಬರುವ ಉಳಿದ ಸರಕುಗಳಲ್ಲೂ ದರ ಒಮ್ಮೆಲೇ ಏರಿದ್ದು, ಇಳಿದದ್ದು ಇದೆಯೇ ಎಂದು ಮರುದಿನ ಖರೀದಿ ಬಿಲ್ಲುಗಳನ್ನು ಹರಡಿಕೊಂಡು ಕುಳಿತೆ. ಒಂದು ಬಗೆಯ ಪೆನ್ಸಿಲ್ ಪೆಟ್ಟಿಗೆಯ ದರ ಎರಡು ತಿಂಗಳ ಹಿಂದೆ ಆರನೇ ಒಂದು ಭಾಗ ಇಳಿದಿತ್ತು. ರಿಯಾಯಿತಿ ಎಂದು ಆಗ ಖುಷಿಪಟ್ಟಿದ್ದೆ. ಪೆಟ್ಟಿಗೆ ಬಿಚ್ಚಿದರೆ ಹನ್ನೆರಡಿದ್ದ ಕಡೆ ಹತ್ತು.

ಇಲ್ಲಿ ತಪ್ಪು ತಿರುವುಮುರುವಾಗಿತ್ತು. ಆ ಸಲ ಬಂದ 10 ಪೆಟ್ಟಿಗೆಗಳಲ್ಲಿ ಏಳನ್ನು ಇಡಿಯಾಗಿ ಮಾರಿ, ಹನ್ನೆರಡರ ಹಣ ಪಡೆದು ಹತ್ತು ಪೆನ್ಸಿಲ್ ಕೊಟ್ಟಿದ್ದೆ. ಅವುಗಳಲ್ಲಿ ಐದು ಉದ್ರಿ ಖಾತೆಯವರದು. ತಲಾ ಎರಡು ಪೆನ್ಸಿಲಿನ ಬೆಲೆಯನ್ನು ಅವರವರ ಖಾತೆಗೆ ಜಮಾ ಮಾಡಿ, ಕಾರಣವನ್ನು ಬರೆದು ತಿಳಿಸಿದೆ. ಉಳಿದ ಎರಡು ನಗದು ಬಿಲ್ಲು, ಹೆಸರಿಲ್ಲ. ಅವುಗಳ ಪ್ರತಿಯನ್ನು ಗಲ್ಲಾದ ಪಕ್ಕದಲ್ಲೇ ಇಟ್ಟಿದ್ದೇನೆ, ಕೇಳಿಕೊಂಡು ಬಂದರೆ ಕೊಡಲು.

ಬಿಡಿಯಾಗಿ ಮಾರಲು ಒಡೆದದ್ದು ಮೂರು ಪೆಟ್ಟಿಗೆ. ಪುಸ್ತಕದಲ್ಲಿ 36, ಇದ್ದದ್ದು 30. ಹಿಂದಿನ ತಿಂಗಳ ಎಣಿಕೆಯಲ್ಲಿ ಪೆನ್ಸಿಲ್ ಆರು ಕಡಿಮೆ ಬಂದಿತ್ತು. ಎಲ್ಲಿ ಹೋದವು ಎಂದು ಹುಡುಗನನ್ನು ಗಿರಾಕಿಗಳ ಎದುರಿಗೇ ಕೇಳಿದ್ದೆ. ಅವನು ತಲೆತಗ್ಗಿಸಿ ನಿಂತಿದ್ದ. ಸಂಜೆ ಅವನು ಮನೆಗೆ ಹೊರಡುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು, ಪೆನ್ಸಿಲಿನ ಹಳೆಯ, ಹೊಸ ಖರೀದಿ ಬಿಲ್ಲುಗಳೆರಡನ್ನೂ ಮುಂದಿಟ್ಟು, ಆ ಆರು ಪೆನ್ಸಿಲ್ ನಮ್ಮ ಅಂಗಡಿಗೆ ಬಂದೇ ಇರಲಿಲ್ಲ ಎಂದು ತೋರಿಸಿದೆ. ನನ್ನಿಂದ ತಪ್ಪಾಯಿತು ಎಂದೆ. ಅವನು ಬಿಲ್ಲನ್ನು ಬಹಳ ಹೊತ್ತು ನೋಡುತ್ತಿದ್ದು, ‘ಇನ್ನು ಮೇಲೆ ಪ್ರತಿ ಲೋಡಿನ ಮೊದಲ ಕಟ್ಟನ್ನು ನಾನೇ ಬಿಚ್ಚಿ ಎಣಿಸುತ್ತೇನೆ ಸರ್’ ಎಂದ.