ಕಟ್ಟುನಿಟ್ಟಿನ ಡಯಟ್ ಮಾಡಿದರೆ ಹಸಿವು ಜಾಸ್ತಿಯಾಗುವುದೇಕೆ?

ಮೊದಲ ದಿನವೇ ಊಟವನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಕೆಲವು ವಾರಗಳಲ್ಲಿ ಸಿಕ್ಕಿದ್ದೆಲ್ಲ ತಿನ್ನತೊಡಗುವವರನ್ನು ತುಂಬಾ ನೋಡಿದ್ದೇನೆ. ಮನಸ್ಸು ಗಟ್ಟಿಯಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಪಾಪ, ಒಳಗೆ ನಡೆಯುವುದೇ ಬೇರೆ.

ಹಂತ 1: ಯಾರು ಏನು ಹೇಳುತ್ತಾರೆ, ತಿಳಿಯಿರಿ. ಜಠರದಿಂದ ಹೊರಡುವ ಗ್ರೆಲಿನ್ ಎಂಬ ಹಾರ್ಮೋನು ಹಸಿವೆಬ್ಬಿಸುತ್ತದೆ. ರೂಢಿಯ ಊಟದ ಹೊತ್ತಿಗೆ ಏರಿ, ಉಂಡ ಮೇಲೆ ಇಳಿಯುತ್ತದೆ. ‘ಸಾಕು’ ಎನ್ನುವವು ಕರುಳಿನ ಹಾರ್ಮೋನುಗಳು. ಲೆಪ್ಟಿನ್ ಬರುವುದು ಕೊಬ್ಬಿನ ಕೋಶಗಳಿಂದ. ಮೈಯಲ್ಲಿ ಎಷ್ಟು ದಾಸ್ತಾನಿದೆ ಎಂದು ಅದು ಮಿದುಳಿಗೆ ವರದಿ ಕೊಡುತ್ತದೆ.

(ಲೆಪ್ಟಿನ್ ಮಾತ್ರೆ ಎಂದು ಮಾರುವುದನ್ನು ಕೊಳ್ಳಬೇಡಿ. ಲೆಪ್ಟಿನ್ ಒಂದು ಪ್ರೋಟೀನ್. ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ.)

ಹಂತ 2: ಎಷ್ಟು ಕಡಿಮೆ ಮಾಡಬೇಕು? ಎಡವುವುದು ಇಲ್ಲೇ. ಊಟ ತೀರಾ ಕಡಿಮೆಯಾದರೆ ಲೆಪ್ಟಿನ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಕೊಬ್ಬು ಇನ್ನೂ ಹೆಚ್ಚೇನೂ ಕರಗಿರುವುದಿಲ್ಲ, ಆದರೂ ಮಿದುಳಿಗೆ ದಾಸ್ತಾನು ಖಾಲಿಯಾದಂತೆ ಕಾಣುತ್ತದೆ. ತೂಕ ಇಳಿದಂತೆ ಗ್ರೆಲಿನ್ ಕೂಡ ಏರುತ್ತದೆ.

ಲೆಕ್ಕ ನೋಡಿ. ಒಂದು ಅಂದಾಜಿನಂತೆ, ಇಳಿದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚು ತಿನ್ನಬೇಕೆನಿಸುತ್ತದೆ. ಮೈ ಖರ್ಚು ಮಾಡುವುದು ಮಾತ್ರ 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ. ಮೊದಲು 2000 ಕ್ಯಾಲೊರಿ ತಿನ್ನುತ್ತಿದ್ದವರು 5 ಕಿಲೋ ಇಳಿದರೆ, ಹಸಿವು 2500 ಕೇಳುತ್ತದೆ. ತಟ್ಟೆಯಲ್ಲಿ 800 ಇದ್ದರೆ 1700ರ ಅಂತರವನ್ನು ದಿನವೂ ತಡೆದುಕೊಳ್ಳಬೇಕು. 1600 ಇದ್ದರೆ ಅಂತರ 900. ಅದೂ ಕಷ್ಟವೇ, ಆದರೆ ತಾಳಬಹುದು. ಹಾಗಾಗಿ ದಿನಕ್ಕೆ 300ರಿಂದ 500 ಕ್ಯಾಲೊರಿಗಿಂತ ಜಾಸ್ತಿ ಕಡಿಮೆ ಮಾಡಬೇಡಿ ಎಂದೇ ನಾನು ಹೇಳುವುದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ.

ಹಂತ 3: ತಟ್ಟೆ. ಪ್ರತಿ ಊಟದಲ್ಲೂ ಪ್ರೋಟೀನ್, ನಾರು ಇರಲಿ. ನಿಧಾನವಾಗಿ ಉಣ್ಣಿ, ಕರುಳಿನ ಸಂದೇಶ ಮುಟ್ಟಲು ಹೊತ್ತು ಬೇಕು. ಜ್ಯೂಸ್ ಕುಡಿದು ಊಟ ಬಿಡುವ ಅಡ್ಡದಾರಿ ಬೇಡ. ಅಗಿಯುವ ಆಹಾರದಷ್ಟು ಅದು ಹೊಟ್ಟೆ ತುಂಬಿಸುವುದಿಲ್ಲ.

ಹಂತ 4: ನಡುವೆ ನಿಲ್ಲಿ. ನಾಲ್ಕೈದು ಕಿಲೋ ಇಳಿದ ಮೇಲೆ, ತೂಕ ಅಲ್ಲೇ ನಿಲ್ಲುವಷ್ಟು ಕೆಲವು ವಾರ ಉಣ್ಣಿ. ಲೆಪ್ಟಿನ್ ಸ್ವಲ್ಪ ಚೇತರಿಸುತ್ತದೆ, ಪೂರ್ತಿ ಅಲ್ಲ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, 10 ವಾರ ಅತಿ ಕಡಿಮೆ ಕ್ಯಾಲೊರಿಯ ಡಯಟ್ ಮಾಡಿದವರ ಹಸಿವಿನ ಹಾರ್ಮೋನುಗಳು ವರ್ಷ ಕಳೆದರೂ ಹಳೆಯ ಮಟ್ಟಕ್ಕೆ ಬಂದಿರಲಿಲ್ಲ. ಹಸಿವೂ ಹೆಚ್ಚೇ ಇತ್ತು.

ಅತಿಯಾಯಿತು ಎಂದು ತಿಳಿಯುವುದು ಹೇಗೆ? ಉಂಡ ಗಂಟೆಯೊಳಗೆ ಮತ್ತೆ ಹಸಿವು, ಇಡೀ ದಿನ ಊಟದ್ದೇ ಯೋಚನೆ, ರಾತ್ರಿ ಹಸಿವಿಗೆ ಎಚ್ಚರ. ಇವು ವಾರಪೂರ್ತಿ ಮುಂದುವರಿದರೆ ದಿನಕ್ಕೆ 200 ಕ್ಯಾಲೊರಿ ಸೇರಿಸಿ, ಎರಡು ವಾರ ಹಾಗೇ ನೋಡಿ.