ಅಬಿಜಾನ್‌ನಿಂದ ಬಂದ ಹಾರ್ಟ್ ಪೇಷಂಟ್ ಲೆಟರ್, ಬೆಂಗಳೂರಿನ ಡಾಕ್ಟರಿಗೆ ಅನುವಾದ ಮಾಡಿಕೊಟ್ಟಿದ್ದು

ಫ್ರೆಂಚ್‌ನಿಂದ ಇಂಗ್ಲಿಷಿಗೆ ಮೆಡಿಕಲ್ ಪೇಪರ್ಸ್ ಅನುವಾದ ಮಾಡೋದು ನನ್ನ ಕೆಲಸ. ಜಾಸ್ತಿ ಬರೋದು ಐವರಿ ಕೋಸ್ಟ್, ಕ್ಯಾಮರೂನ್, ಕಾಂಗೋ ಕಡೆಯಿಂದ ಬೆಂಗಳೂರಿಗೆ ಟ್ರೀಟ್‌ಮೆಂಟಿಗೆ ಬರೋರ ಲೆಟರ್‌ಗಳು. ಅಲ್ಲಿನ ಡಾಕ್ಟರು ಫ್ರೆಂಚಲ್ಲೇ ಬರೀತಾರೆ, ಇಲ್ಲಿನ ಆಸ್ಪತ್ರೆಯೋರು ಅದರ ಇಂಗ್ಲಿಷ್ ನೋಡಿ ಒಪಿನಿಯನ್ ಕೊಡ್ತಾರೆ, ಖರ್ಚಿನ ಎಸ್ಟಿಮೇಟ್ ಕಳಿಸ್ತಾರೆ, ಆಮೇಲೆ ಮೆಡಿಕಲ್ ವೀಸಾಗೆ ಲೆಟರ್ ಕೊಡ್ತಾರೆ. ಅಂದ್ರೆ ಪೇಷಂಟ್ ವಿಮಾನ ಹತ್ತೋಕೆ ಮುಂಚೆ ಇಲ್ಲಿನ ಡಾಕ್ಟರ್ ಕಣ್ಣಿಗೆ ಬೀಳೋದು ನನ್ನ ಪೇಪರೊಂದೇ. ಒಂದು ಕೇಸ್ ಇಟ್ಕೊಂಡು ಹೇಗೆ ಮಾಡ್ದೆ ಅಂತ ಬರೀತೀನಿ, ಗುರುತು ಸಿಗೋ ವಿವರ ಬದಲಾಯಿಸಿದೀನಿ.

ಐವರಿ ಕೋಸ್ಟಿನ ಅಬಿಜಾನ್ ಕಡೆಯ ಹೆಣ್ಣುಮಗಳು, ವಯಸ್ಸು ಮೂವತ್ತರ ಒಳಗೆ. ಚಿಕ್ಕೋಳಿದ್ದಾಗ ರುಮ್ಯಾಟಿಕ್ ಫೀವರ್ ಬಂದು ಹಾರ್ಟಿನ ಎಡಗಡೆಯ ಮೈಟ್ರಲ್ ವಾಲ್ವ್ ಹಾಳಾಗಿದೆ. ಎರಡು ಪೇಜಿನ ಲೆಟರ್, ಜೊತೆಗೆ ಹಾರ್ಟಿನ ಸ್ಕ್ಯಾನ್ ಆದ ಎಕೋ ರಿಪೋರ್ಟ್, ಒಂದು ಬ್ಲಡ್ ರಿಪೋರ್ಟ್. ಅವಳ ಅಣ್ಣ ವಾಟ್ಸಾಪಲ್ಲಿ ಫೋಟೋ ಹೊಡೆದು ಕಳಿಸಿದ್ದ, ಡಾಕ್ಟರ ಸೀಲು ಸರಿಯಾಗಿ ಮಾತ್ರೆ ಬರೆದಿರೋ ಸಾಲಿನ ಮೇಲೇ ಬಿದ್ದಿತ್ತು. ಇಂಥ ಫೋಟೋ ಮೇಲೆ ನಾನು ಕೆಲಸ ಶುರು ಮಾಡಲ್ಲ, ಬಣ್ಣದ ಸ್ಕ್ಯಾನ್ ಕೇಳ್ತೀನಿ. ಸೀಲು ನೀಲಿ, ಬರಹ ಕಪ್ಪು ಇದ್ರೆ ಬಣ್ಣದಲ್ಲಿ ಕೆಳಗಿನ ಅಕ್ಷರ ಕಾಣತ್ತೆ, ಕಪ್ಪು ಬಿಳುಪಲ್ಲಿ ಎರಡೂ ಕಲಸಿಹೋಗತ್ತೆ.

ಈ ಕಡೆ ಆಸ್ಪತ್ರೆಯ ಕೋಆರ್ಡಿನೇಟರ್ ಹುಡುಗ ಫೋನ್ ಮೇಲೆ ಫೋನು. "ಮೇಡಂ, ಪೂರ್ತಿ ಬೇಡ, ಡಯಾಗ್ನೋಸಿಸ್ ಒಂದು ನಾಲ್ಕು ಲೈನ್ ಮಾಡಿ ಕೊಟ್ಬಿಡಿ, ಎಸ್ಟಿಮೇಟ್ ಹಾಕ್ಸ್ತೀನಿ" ಅಂದ. ಆಗಲ್ಲ ಕಣಪ್ಪ ಅಂದೆ. ಯಾವ ನಾಲ್ಕು ಲೈನ್ ಮುಖ್ಯ ಅಂತ ಆರಿಸೋದು ಡಾಕ್ಟರ್ ಕೆಲಸ, ನಾನು ಆರಿಸಿದ್ರೆ ನಾನೇ ಡಾಕ್ಟರ್ ಆದಂಗೆ.

ಈ ಲೆಟರಲ್ಲಿ ನಿಜವಾದ ಕೆಲಸ ಇದ್ದಿದ್ದು ವಾಕ್ಯಗಳಲ್ಲಲ್ಲ, ಅವು ಸುಲಭ. ಕಷ್ಟ ಇರೋದು ಶಾರ್ಟ್ ಫಾರ್ಮ್‌ಗಳಲ್ಲಿ. ಡಯಾಗ್ನೋಸಿಸ್ ಸಾಲಿನ ಮೊದಲ ಎರಡು ಅಕ್ಷರ "ಆರ್ ಎಂ". ಫ್ರೆಂಚಲ್ಲಿ ಅದು ಮೈಟ್ರಲ್ ವಾಲ್ವ್ ಕಿರಿದಾಗಿರೋದು, ಅಂದ್ರೆ ನಮ್ಮ ಡಾಕ್ಟರು "ಎಂಎಸ್" ಅನ್ನೋದು. ಫ್ರೆಂಚಲ್ಲಿ ರೋಗದ ಹೆಸರು ಮೊದಲು, ಯಾವ ವಾಲ್ವ್ ಅನ್ನೋದು ಆಮೇಲೆ ಬರತ್ತೆ, ಅದಕ್ಕೆ ಅಕ್ಷರ ಉಲ್ಟಾ. ಹಂಗಂತ ಉಲ್ಟಾ ಮಾಡಿ "ಎಂಆರ್" ಅಂತ ಹಾಕಿದ್ರೋ ಕೆಟ್ಟಿತು, ಇಂಗ್ಲಿಷಲ್ಲಿ ಅದು ವಾಲ್ವ್ ಲೀಕ್ ಆಗೋದು. ಕಿರಿದಾಗಿರೋ ವಾಲ್ವನ್ನ ತೊಡೆಯಿಂದ ಬಲೂನ್ ಹಾಕಿ ಅಗಲ ಮಾಡಬಹುದು, ಜೋರಾಗಿ ಲೀಕ್ ಆಗೋ ವಾಲ್ವಿಗೆ ಬಲೂನ್ ಹಾಕಲ್ಲ, ಸಾಮಾನ್ಯವಾಗಿ ಆಪರೇಷನ್ನೇ. ಒಂದು ಅಕ್ಷರ ಹೋದ್ರೆ ಎಸ್ಟಿಮೇಟೇ ಬೇರೆ ಆಗತ್ತೆ. ಅದಕ್ಕೇ ನಾನು ಶಾರ್ಟ್ ಫಾರ್ಮಿಗೆ ಶಾರ್ಟ್ ಫಾರ್ಮ್ ಹಾಕೋದೇ ಇಲ್ಲ, ಎಲ್ಲಾನೂ ಬಿಡಿಸಿ ಪೂರ್ತಿ ಬರೀತೀನಿ, "ಮೈಟ್ರಲ್ ಸ್ಟೆನೋಸಿಸ್, ಸಿವಿಯರ್" ಅಂತ. ಬಿಡಿಸಿದ ಮೇಲೆ ನಂಬರ್ ಜೊತೆ ತಾಳೆ ನೋಡ್ತೀನಿ. ಇವಳ ಲೆಟರಲ್ಲಿ ವಾಲ್ವ್ ತೆರೆಯೋ ಜಾಗ 0,8 ಚದರ ಸೆಂಟಿಮೀಟರ್ ಅಂತಿತ್ತು, ಅಂದ್ರೆ ನಮ್ಮ 0.8. ಸರಿಯಾಗಿರೋ ವಾಲ್ವಲ್ಲಿ ಅದು 4ರಿಂದ 6 ಇರತ್ತೆ, ಹಾಗಾಗಿ ಕಿರಿದಾಗಿದೆ ಅನ್ನೋದಕ್ಕೆ ಅನುಮಾನ ಇಲ್ಲ.

ಅದೇ ಸಾಲಲ್ಲಿ ಮುಂದೆ "ಐಎಂ ಮಿನಿಮ್" ಅಂತಿತ್ತು, ಅಂದ್ರೆ ಮೈಟ್ರಲ್ ಲೀಕ್ ಚೂರೇ ಚೂರು ಇದೆ ಅಂತ. ಎರಡನೇ ಪೇಜಲ್ಲಿ ಪೆನಿಸಿಲಿನ್ ಇಂಜೆಕ್ಷನ್ ಪಕ್ಕ ಮತ್ತೆ "ಐಎಂ", ಅಲ್ಲಿ ಅದು ಸ್ನಾಯುವಿಗೆ ಚುಚ್ಚೋದು. ಒಂದೇ ಲೆಟರು, ಒಂದೇ ಡಾಕ್ಟರು, ಎರಡು ಅರ್ಥ. ಕೊನೆಗೆ ಏನು ಕೇಳ್ತಿದಾರೆ ಅನ್ನೋ ಕಡೆ "ಸಿಎಂಪಿ" ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ ಅಂತ ಬರೆದಿದ್ರು, ಅದು ಬಲೂನ್ ಹಾಕಿ ವಾಲ್ವ್ ಬಿಡಿಸೋದಕ್ಕೆ ಫ್ರೆಂಚ್ ಡಾಕ್ಟರು ಬಳಸೋ ಹೆಸರು. ಇಲ್ಲಿನೋರು ಸಿಎಂಪಿ ಅಂದ್ರೆ ಕಾರ್ಡಿಯೋಮಯೋಪತಿ ಅಂತ ಓದ್ಕೋತಾರೆ, ಹಾರ್ಟಿನ ಸ್ನಾಯುವಿನ ಕಾಯಿಲೆ. ಅಲರ್ಜಿ ಅನ್ನೋದರ ಮುಂದೆ "ಆರ್‌ಎಎಸ್" ಅಂತಿತ್ತು. ಫ್ರೆಂಚಲ್ಲಿ ಇದು ಸೈನ್ಯ, ಪೊಲೀಸು, ಆಫೀಸು ಎಲ್ಲಾ ಕಡೆ ಬಳಸೋ ಮಾತು, ಹೇಳೋ ಅಂಥದ್ದೇನಿಲ್ಲ ಅಂತ ಅಷ್ಟೇ. ಹಾಗೇ ಬಿಟ್ಟಿದ್ರೆ ಕಿಡ್ನಿಯ ರಕ್ತನಾಳ ಕಿರಿದಾಗಿದೆ ಅಂತ ಓದೋ ಡಾಕ್ಟರು ಇಲ್ಲಿ ಸಿಗ್ತಾರೆ.

ಕಿಡ್ನಿ ಅಂದ್ಮೇಲೆ ಕ್ರಿಯಾಟಿನಿನ್ ಬಗ್ಗೆ ಹೇಳ್ಲೇಬೇಕು. ರಿಪೋರ್ಟಲ್ಲಿ ಕ್ರಿಯಾಟಿನಿನ್ 9. ನಮ್ಮ ಲ್ಯಾಬ್ ರಿಪೋರ್ಟ್ ಓದಿ ಅಭ್ಯಾಸ ಇರೋರಿಗೆ 9 ಅಂದ್ರೆ ಎದೆ ಧಸಕ್ ಅನ್ನತ್ತೆ, ಡಯಾಲಿಸಿಸ್ ಮಾಡಿಸ್ಕೊಳ್ಳೋರ ನಂಬರ್ ಅದು. ಆದ್ರೆ ಪಕ್ಕದ ಯೂನಿಟ್ ನೋಡಿ, ಒಂದು ಲೀಟರಿಗೆ ಮಿಲಿಗ್ರಾಂ ಅಂತಿದೆ. ನಮ್ಮಲ್ಲಿ ಡೆಸಿಲೀಟರಿಗೆ ಬರೀತಾರೆ, ಲೀಟರಿಗೆ ಹತ್ತು ಡೆಸಿಲೀಟರ್, ಆದ್ರಿಂದ 9 ಅಂದ್ರೆ ನಮ್ಮ 0.9, ಪೂರ್ತಿ ನಾರ್ಮಲ್. ಸಕ್ಕರೆ ಲೀಟರಿಗೆ 0,95 ಗ್ರಾಂ ಅಂದ್ರೆ ನಮ್ಮ ಡೆಸಿಲೀಟರಿಗೆ 95 ಮಿಲಿಗ್ರಾಂ. ಬಿಪಿ 12/7 ಅಂತ ಬರೀತಾರೆ, ಅದು 120/70. ಇಲ್ಲಿ ನಾನು ಇಟ್ಕೊಂಡಿರೋ ರೂಲ್ ಏನಂದ್ರೆ ಮೂಲದ ನಂಬರ್ ಮತ್ತು ಯೂನಿಟ್ ಹಂಗೇ ಇರಬೇಕು, ನಾನು ಲೆಕ್ಕ ಹಾಕಿದ್ದು ಪಕ್ಕದಲ್ಲಿ ಚೌಕ ಬ್ರಾಕೆಟ್ ಒಳಗೆ ಬರಬೇಕು, ಚೌಕ ಬ್ರಾಕೆಟಲ್ಲಿರೋದೆಲ್ಲ ಅನುವಾದ ಮಾಡಿದೋರು ಸೇರಿಸಿದ್ದು ಅಂತ ಮೊದಲ ಪೇಜಲ್ಲೇ ಬರೆದಿರಬೇಕು. ಮೂಲ ಅಳಿಸಿ ಬರೀ ನನ್ನ ಲೆಕ್ಕ ಕೊಟ್ರೆ, ಡಾಕ್ಟರ್ ಲ್ಯಾಬ್ ಶೀಟ್ ಪಕ್ಕ ಇಟ್ಟು ನೋಡಿದಾಗ ಎರಡೂ ಬೇರೆ ಬೇರೆ ಕಾಣತ್ತೆ, ಆಮೇಲೆ ಯಾವುದನ್ನೂ ನಂಬಲ್ಲ.

ಎಲ್ಲಾ ಲೆಕ್ಕ ಮಾಡಕ್ಕೂ ಆಗಲ್ಲ. ರಕ್ತ ಹೆಪ್ಪುಗಟ್ಟೋ ಟೆಸ್ಟು, ಪ್ರೊಥ್ರಾಂಬಿನ್ನು, ಫ್ರೆಂಚ್ ಲ್ಯಾಬ್‌ಗಳು ಪರ್ಸೆಂಟಲ್ಲಿ ಕೊಡ್ತಾವೆ, ನಮ್ಮಲ್ಲಿ ಸೆಕೆಂಡಲ್ಲಿ. ಪರ್ಸೆಂಟಿಂದ ಸೆಕೆಂಡಿಗೆ ಹೋಗಬೇಕಾದ್ರೆ ಆ ಲ್ಯಾಬಲ್ಲಿ ಬಳಸಿದ ಕೆಮಿಕಲ್ಲಿನ ಅಳತೆ ಬೇಕು, ಅದು ನನ್ನ ಹತ್ರ ಎಲ್ಲಿಂದ ಬರಬೇಕು. ಹಾಗಾಗಿ ಅದನ್ನ ಪರ್ಸೆಂಟಲ್ಲೇ ಬಿಟ್ಟು, ಪಕ್ಕದಲ್ಲೇ ಇದ್ದ ಐಎನ್‌ಆರ್ ತಪ್ಪದೇ ಬಂದಿದೆಯಾ ಅಂತ ನೋಡ್ಕೊಂಡೆ, ಅದು ಇದೇ ಟೆಸ್ಟನ್ನ ಎಲ್ಲಾ ಲ್ಯಾಬಿಗೂ ಒಂದೇ ಅಳತೆಗೆ ತಂದ ನಂಬರ್, ಎಲ್ಲಾ ದೇಶದ ಡಾಕ್ಟರಿಗೂ ಅರ್ಥ ಆಗತ್ತೆ.

ದಶಮಾಂಶದ ಜಾಗದಲ್ಲಿ ಅವರು ಕಾಮಾ ಹಾಕ್ತಾರೆ, 0,8 ಅಂತ. ಸ್ಕ್ಯಾನಲ್ಲಿ ಕಾಮಾ ಮಾಸಿದ್ರೆ 08 ಆಗಿ ಕಾಣತ್ತೆ. ಪೆನಿಸಿಲಿನ್ ಡೋಸ್ "1,2" ಅಂತಿತ್ತು, ಮುಂದಿನ ಮೂರಕ್ಷರ ಮಿಲಿಯನ್ ಯೂನಿಟ್ ಅಂತ ಹೇಳೋದು. 1.2 ಮಿಲಿಯನ್ ಅಂದ್ರೆ 12 ಲಕ್ಷ, ರುಮ್ಯಾಟಿಕ್ ಹಾರ್ಟಿಗೆ ಮೂರು ವಾರಕ್ಕೊಮ್ಮೆ ಇಲ್ಲೂ ಕೊಡೋ ಡೋಸೇ ಅದು, ನಮ್ಮ ನರ್ಸ್‌ಗಳ ಬಾಯಲ್ಲೂ "12 ಲಕ್ಷ" ಅಂತಲೇ ಬರತ್ತೆ. ಆದ್ರೂ ಅನುವಾದದಲ್ಲಿ ಲಕ್ಷ ಬರೆಯಲ್ಲ, ಪೇಪರ್ ನಾಳೆ ಯಾವ ದೇಶಕ್ಕೆ ಹೋಗತ್ತೋ ಗೊತ್ತಿಲ್ಲ.

ಮಾತ್ರೆಗಳಲ್ಲಿ ಬ್ರ್ಯಾಂಡ್ ಹೆಸರು ಒಂದೇ ಕೊಟ್ರೆ ಸಾಲದು, ಒಳಗಿನ ಔಷಧಿ ಹೆಸರು ಬೇಕು. ರಕ್ತ ತೆಳು ಮಾಡೋ ಸಿಂಟ್ರೋಮ್ 4 ಮಿಲಿಗ್ರಾಂ, ದಿನಕ್ಕೆ ಕಾಲು ಮಾತ್ರೆ ಅಂತಿತ್ತು. ಒಳಗಿರೋದು ಅಸೆನೊಕೌಮರಾಲ್, ಇಲ್ಲಿ ಅಸಿಟ್ರೋಮ್ ಅಂತ ಸಿಗತ್ತೆ. ನಾನು ಬರೆದಿದ್ದು ಅಸೆನೊಕೌಮರಾಲ್, ಬ್ರ್ಯಾಂಡ್ ಸಿಂಟ್ರೋಮ್, 4ರ ಮಾತ್ರೆಯಲ್ಲಿ ಕಾಲು ಭಾಗ, ಚೌಕ ಬ್ರಾಕೆಟಲ್ಲಿ ದಿನಕ್ಕೆ 1 ಮಿಲಿಗ್ರಾಂ. "4" ಮತ್ತು "ಕಾಲು" ಎರಡೂ ಕಾಣ್ಲೇಬೇಕು, ಇಲ್ಲಾಂದ್ರೆ ಯಾರೋ ಅವಸರದಲ್ಲಿ 4 ಮಾತ್ರ ಓದಿ ನಾಲ್ಕು ಪಟ್ಟು ಕೊಟ್ಬಿಟ್ಟಾರು. ಸೀಲಿನ ಕೆಳಗಿದ್ದಿದ್ದು ಇದೇ ಸಾಲು. ಬಣ್ಣದ ಸ್ಕ್ಯಾನಲ್ಲೂ ಕಾಲೋ ಅರ್ಧನೋ ಗ್ಯಾರಂಟಿ ಆಗ್ಲಿಲ್ಲ, ಊಹೆ ಮಾಡೋ ಪ್ರಶ್ನೆನೇ ಇಲ್ಲ, ಅಣ್ಣನ ಮೂಲಕ ಆ ಡಾಕ್ಟರಿಗೇ ಕೇಳಿಸಿ ಅವರ ಕೈಬರಹದಲ್ಲಿ ಉತ್ತರ ತರಿಸ್ಕೊಂಡೆ.

ಅದೇ ಸಮಯಕ್ಕೆ ಇನ್ನೊಂದು ಪ್ರಶ್ನೆನೂ ಕಳಿಸಿದ್ದೆ. ಲೆಟರಲ್ಲಿ ವಾಲ್ವಿನ ಜಾಗ 0,8, ಜೊತೆಗಿದ್ದ ಎಕೋ ರಿಪೋರ್ಟಲ್ಲಿ 1,1. ಕೋಆರ್ಡಿನೇಟರ್ ಹುಡುಗ "ರಿಪೋರ್ಟಲ್ಲಿರೋದನ್ನೇ ಎರಡೂ ಕಡೆ ಹಾಕಿ ಮೇಡಂ, ಡಾಕ್ಟರ್ ಕೇಳಿದ್ರೆ ನನಗೆ ತಲೆನೋವು" ಅಂದ. ಅವನ ಕಷ್ಟ ಅರ್ಥ ಆಗತ್ತೆ, ಆದ್ರೆ ಮೂಲದಲ್ಲಿ ಎರಡು ಇದ್ರೆ ಅನುವಾದದಲ್ಲೂ ಎರಡೇ ಇರಬೇಕು. ಎರಡೂ ಹಂಗೇ ಇಟ್ಟು, ಲೆಟರಿಗೂ ರಿಪೋರ್ಟಿಗೂ ಇಲ್ಲಿ ವ್ಯತ್ಯಾಸ ಇದೆ, ಮೂಲದಲ್ಲೇ ಹೀಗಿದೆ ಅಂತ ಕೆಳಗೆ ಒಂದು ಟಿಪ್ಪಣಿ ಹಾಕಿದ್ದೆ. ಅಬಿಜಾನಿಂದ ಉತ್ತರ ಬಂದಾಗ ಗೊತ್ತಾಯ್ತು, ಅಣ್ಣ ಕಳಿಸಿದ್ದು ಹಳೇ ಎಕೋ, ಡಾಕ್ಟರ್ ಲೆಟರ್ ಬರೆದಿದ್ದು ಹೊಸದು ನೋಡ್ಕೊಂಡು. ಹೊಸ ರಿಪೋರ್ಟಲ್ಲಿ ಇನ್ನೊಂದು ಸಾಲೂ ಇತ್ತು, ಎಡ ಹೃತ್ಕರ್ಣದ ಮೂಲೆಯ ಚೀಲದಲ್ಲಿ ರಕ್ತದ ಹೆಪ್ಪು ಕಾಣ್ತಿಲ್ಲ ಅಂತ. ಬಲೂನ್ ಹಾಕೋಕೆ ಮುಂಚೆ ಇಲ್ಲಿನ ಡಾಕ್ಟರು ಮೊದಲು ಹುಡುಕೋ ಸಾಲೇ ಅದು, ಹೆಪ್ಪಿದ್ರೆ ಬಲೂನ್ ಹಾಕೋದನ್ನ ಮುಂದೂಡ್ತಾರೆ.

ಹೆಸರಿನ ವಿಷಯ ಸಣ್ಣದು, ಆದ್ರೆ ವೀಸಾ ನಿಲ್ಲಿಸೋದು ಇದೇ. ಅವರು ಮನೆತನದ ಹೆಸರು ಮೊದಲು ಕ್ಯಾಪಿಟಲ್ ಅಕ್ಷರದಲ್ಲಿ ಬರೀತಾರೆ, ಮದುವೆ ಆಗಿದ್ರೆ ನಡುವೆ "ಇಂಥೋರ ಹೆಂಡತಿ" ಅನ್ನೋದರ ಶಾರ್ಟ್ ಫಾರ್ಮ್ ಬರತ್ತೆ, ಇಲ್ಲಿನ ಕ್ಲರ್ಕು ಅದನ್ನೂ ಹೆಸರು ಅಂದ್ಕೊಂಡು ಇನ್ವಿಟೇಷನ್ ಲೆಟರಲ್ಲಿ ಟೈಪ್ ಮಾಡ್ತಾನೆ. ಅದಕ್ಕೆ ಪಾಸ್‌ಪೋರ್ಟಿನ ಮೊದಲ ಪೇಜ್ ತರಿಸ್ಕೊಂಡು, ಅದರಲ್ಲಿರೋ ಹಾಗೆ ಹೆಸರನ್ನ ಚೌಕ ಬ್ರಾಕೆಟಲ್ಲಿ ಹಾಕಿದೆ.

ಕೊನೆಗೆ ಚೆಕ್ ಮಾಡೋದು ಓದಿ ಅಲ್ಲ, ಕೂಗಿ. ನನ್ನ ಗೆಳತಿಯೊಬ್ಬಳು, ಅವಳೂ ಇದೇ ಕೆಲಸದೋಳು, ಹೆಸರು ಮುಚ್ಚಿದ ಮೂಲದಿಂದ ನಂಬರ್‌ಗಳನ್ನ ಫೋನಲ್ಲಿ ಕೂಗ್ತಾಳೆ, ನಾನು ನನ್ನದರಲ್ಲಿ ಗೀಟು ಹಾಕ್ತಾ ಹೋಗ್ತೀನಿ. ಕಣ್ಣು ತನಗೆ ಬೇಕಾದ ನಂಬರನ್ನೇ ಓದತ್ತೆ, ಕಿವಿ ಅಷ್ಟು ಮೋಸ ಮಾಡಲ್ಲ.

ಇಲ್ಲಿ ಬಲೂನಲ್ಲೇ ಕೆಲಸ ಆಯ್ತು. ವಾಪಸ್ ಹೋಗೋಕೆ ಮುಂಚೆ ಡಿಸ್ಚಾರ್ಜ್ ಸಮ್ಮರಿ ಫ್ರೆಂಚಿಗೆ ಮಾಡಬೇಕಿತ್ತು, ಅದಕ್ಕೆ ಅವಳು ಇನ್ನೂ ವಾರ್ಡಲ್ಲಿರುವಾಗಲೇ ಡ್ರಾಫ್ಟ್ ಕೇಳಿ ಇಸ್ಕೊಂಡೆ. ಡಾಕ್ಟರನ್ನ ಎರಡು ವಿಷಯ ಕೇಳಿಸಿದೆ, ಬರೆದಿರೋ ರಕ್ತ ತೆಳು ಮಾಡೋ ಮಾತ್ರೆ ಅಬಿಜಾನಲ್ಲಿ ಸಿಗೋದೇ ಆಗಬಹುದಾ, ಐಎನ್‌ಆರ್ ಎಷ್ಟರಿಂದ ಎಷ್ಟರೊಳಗೆ ಇರಬೇಕು. ಮಾತ್ರೆ ಹಳೇದೇ ಮುಂದುವರಿಸಿ ಅಂದ್ರು, ಐಎನ್‌ಆರ್ 2ರಿಂದ 3 ಅಂತ ಕೈಯಲ್ಲಿ ಬರೆದು ಸೈನ್ ಹಾಕಿದ್ರು, ಪೆನಿಸಿಲಿನ್ ನಿಲ್ಲಿಸಬಾರದು ಅಂತ ಸೇರಿಸಿದ್ರು. ಅದನ್ನ ಮಿಲಿಯನ್ ಯೂನಿಟಲ್ಲೇ, ಕಾಮಾ ಹಾಕಿ, ಅಲ್ಲಿನ ಡಾಕ್ಟರು ಓದೋ ರೀತಿಲೇ ಬರೆದು ಕೊಟ್ಟೆ.