ಮಾನ್ಸೂನ್ ಬ್ರೇಕ್ ಅಂದಾಗ ನಾನು ಏನು ನೋಡುತ್ತೇನೆ

ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದವರಿಗೆ ಆಷಾಢ ಕಳೆಯುತ್ತಿದ್ದ ಹಾಗೆ ಒಂದೇ ಲೆಕ್ಕ: ಕೊಳೆರೋಗಕ್ಕೆ ಎರಡನೇ ಸುತ್ತಿನ ಔಷಧಿ ಹೊಡೆಯಲು ಮಳೆ ಯಾವಾಗ ಹೊಳ ಕೊಡುತ್ತದೆ? ಮೊದಲ ಸುತ್ತು ಮಳೆಗಾಲ ಹಿಡಿಯುವ ಮುಂಚೆಯೇ ಆಗಿರುತ್ತದೆ. ಅಲ್ಲಿಂದ ನಲವತ್ತು, ನಲವತ್ತೈದು ದಿನಕ್ಕೆ ಎರಡನೆಯದು ಬೇಕು. ಆ ಹೊತ್ತಿಗೆ ಸರಿಯಾಗಿ ಟಿವಿಯಲ್ಲಿ "ಮಾನ್ಸೂನ್ ಬ್ರೇಕ್" ಎಂದು ಬಂದರೆ ಇಡೀ ಊರು ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ಫೋನ್ ಹಚ್ಚುತ್ತದೆ. ನಾನು ಅದಕ್ಕೂ ಮೊದಲು ಹವಾಮಾನ ಇಲಾಖೆಯ ದೈನಂದಿನ ವರದಿ ತೆರೆಯುತ್ತೇನೆ.

ಏಕೆಂದರೆ ಆ ಘೋಷಣೆ ನಮ್ಮ ತೋಟದ ಮಳೆಯನ್ನು ಅಳೆದು ಮಾಡಿದ್ದಲ್ಲ. ತಜ್ಞರು ಬ್ರೇಕ್ ಲೆಕ್ಕ ಹಾಕುವುದು ರಾಜಸ್ಥಾನದಿಂದ ಮಧ್ಯಪ್ರದೇಶ ಹಾದು ಒಡಿಶಾದವರೆಗಿನ ಪಟ್ಟಿಯಲ್ಲಿ. ಅದನ್ನು ಮಾನ್ಸೂನಿನ ಮುಖ್ಯ ವಲಯ ಅನ್ನುತ್ತಾರೆ. ಜುಲೈ, ಆಗಸ್ಟ್ ತಿಂಗಳಲ್ಲಿ ಅಲ್ಲಿನ ಒಟ್ಟು ಮಳೆ ಆ ದಿನದ ವಾಡಿಕೆಗಿಂತ ತೀರಾ ಕೆಳಗೆ ಇಳಿದು, ಸತತ ಮೂರು ದಿನವಾದರೂ ಹಾಗೇ ಉಳಿದರೆ ಬ್ರೇಕ್. ಒಂದೆರಡು ದಿನದ ಬಿಸಿಲಿಗೆ ಆ ಹೆಸರಿಲ್ಲ. ಆ ವಲಯ ಶುರುವಾಗುವುದು 18 ಡಿಗ್ರಿ ಅಕ್ಷಾಂಶದಿಂದ ಉತ್ತರಕ್ಕೆ. ಶಿವಮೊಗ್ಗ ಇರುವುದು 14ರ ಆಸುಪಾಸು. ಅಂದರೆ ನಮ್ಮಲ್ಲಿ ಜಡಿಮಳೆ ಇದ್ದಾಗಲೂ ಬ್ರೇಕ್ ಘೋಷಣೆ ಆಗಬಹುದು, ನಮ್ಮಲ್ಲಿ ವಾರ ಒಣಗಿದರೂ ಆಗದಿರಬಹುದು.

ಹಾಗಂತ ನಮಗೂ ಅದಕ್ಕೂ ಸಂಬಂಧವಿಲ್ಲ ಎಂದಲ್ಲ. ವರದಿಯಲ್ಲಿ ನಾನು ಮೊದಲು ಹುಡುಕುವುದು ಮಾನ್ಸೂನ್ ದ್ರೋಣಿಯ ಸಾಲನ್ನು. ಮಳೆ ಜೋರಾಗಿರುವಾಗ ಈ ಕಡಿಮೆ ಒತ್ತಡದ ಪಟ್ಟಿ ರಾಜಸ್ಥಾನದ ಗಂಗಾನಗರದ ಕಡೆಯಿಂದ ಬಂಗಾಳಕೊಲ್ಲಿವರೆಗೆ ಅಡ್ಡ ಮಲಗಿರುತ್ತದೆ. ಬ್ರೇಕ್‌ನಲ್ಲಿ ಅದು ಉತ್ತರಕ್ಕೆ ಸರಿದು ಹಿಮಾಲಯದ ಬುಡಕ್ಕೆ ಹೋಗುತ್ತದೆ. ಮಳೆಯೂ ಅದರ ಬೆನ್ನಿಗೇ ಅಲ್ಲಿಗೆ. ಇತ್ತ ಅರಬ್ಬೀ ಸಮುದ್ರದಿಂದ ಬಂದು ನಮ್ಮ ಘಟ್ಟಕ್ಕೆ ಬಡಿಯುವ, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಬೀಸುವ ಬಿರುಸು ಗಾಳಿ ದಕ್ಷಿಣಕ್ಕೆ ಜಾರಿ ಶ್ರೀಲಂಕಾದ ದಿಕ್ಕು ಹಿಡಿಯುತ್ತದೆ. ಘಟ್ಟಕ್ಕೆ ಗಾಳಿ ಬಡಿಯದಿದ್ದರೆ ಆಗುಂಬೆಗೂ ಮಳೆ ಸೊರಗುತ್ತದೆ.

2023ರ ಆಗಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ತಿಂಗಳ ಮೊದಲ ಭಾಗದಲ್ಲೇ ದ್ರೋಣಿ ಹಿಮಾಲಯದ ತಪ್ಪಲಿಗೆ ಅಂಟಿಕೊಂಡಿತು. ಆಗಸ್ಟ್ 14ರಂದು ಶಿಮ್ಲಾದಲ್ಲಿ ಗುಡ್ಡ ಕುಸಿದ ಸುದ್ದಿಯನ್ನು ನಾವು ಇಲ್ಲಿ ಆಶ್ಲೇಷಾ ಮಳೆಯಿಲ್ಲದೆ ಬಿಸಿಲಲ್ಲಿ ಕೂತು ನೋಡಿದೆವು. ಅಲ್ಲಿನ ಅತಿವೃಷ್ಟಿ, ಇಲ್ಲಿನ ಬರಗಾಲ ಎರಡರಲ್ಲೂ ಆ ದ್ರೋಣಿಯ ಪಾಲು ದೊಡ್ಡದು. ದೇಶದ ಮಳೆ ಆ ತಿಂಗಳು ವಾಡಿಕೆಗಿಂತ 36 ಶೇಕಡಾ ಕಡಿಮೆ. 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ದಾಖಲಾಗಿರಲಿಲ್ಲ. ಔಷಧಿ ಹೊಡೆಯಲು ಅಷ್ಟು ಒಳ್ಳೆಯ ಹದ ಬೇರೆ ವರ್ಷ ಸಿಗುವುದಿಲ್ಲ, ಗದ್ದೆಯವರ ಪಾಡು ಮಾತ್ರ ಕೇಳುವ ಹಾಗಿರಲಿಲ್ಲ.

ಎಲ್ಲ ಬ್ರೇಕ್‌ಗಳೂ ಹಾಗಲ್ಲ. "ಏನ್ ಭಾವ, ಬ್ರೇಕ್ ಅಂತಾರೆ, ಇಲ್ಲಿ ಜಿಟಿಜಿಟಿ ಬಿಟ್ಟೇ ಇಲ್ವಲ್ಲ?" ಎಂದು ಪಕ್ಕದ ತೋಟದವರು ಕೇಳುವುದುಂಟು. ಅದಕ್ಕೆ ಉತ್ತರ ವರದಿಯ ಇನ್ನೊಂದು ಸಾಲಿನಲ್ಲಿದೆ. ಕರಾವಳಿಯ ಉದ್ದಕ್ಕೂ ಸಮುದ್ರದ ಮೇಲೆ ಇನ್ನೊಂದು ಸಣ್ಣ ದ್ರೋಣಿ ಇರುತ್ತದೆ. ಗುಜರಾತಿನಿಂದ ಕೇರಳದವರೆಗೆ ಎಂದು ಬರೆದಿರುತ್ತಾರೆ. ದೊಡ್ಡ ದ್ರೋಣಿ ಹಿಮಾಲಯಕ್ಕೆ ಹೋಗಿದ್ದರೂ ಈ ಕರಾವಳಿ ದ್ರೋಣಿಯ ಹೆಸರು ವರದಿಯಲ್ಲಿ ದಿನಾ ಬರುತ್ತಿದ್ದರೆ ನಾನು ಔಷಧಿಗೆ ಮೈಲುತುತ್ತು ನೆನೆಹಾಕುವುದಿಲ್ಲ. ಎರಡು ದಿನ ಅದರ ಸುದ್ದಿಯೇ ಇಲ್ಲದಿದ್ದರೆ ಕೊನೆಗೌಡರಿಗೆ ಹೇಳಿಕಳಿಸುತ್ತೇನೆ. ಆಕಾಶವೂ ಸ್ವಲ್ಪ ಹೇಳುತ್ತದೆ: ಪಡುವಣದಿಂದ ಓಡುವ ತಗ್ಗು ಮೋಡ ನಿಂತು, ಬೆಳಿಗ್ಗೆ ಚುರುಕು ಬಿಸಿಲು ಬಿದ್ದು, ಸಂಜೆ ಭದ್ರಾವತಿ ಕಡೆಯಿಂದ ಗುಡುಗು ಕೇಳಿದರೆ ಗಾಳಿ ಬದಲಾಗಿದೆ ಎಂದೇ ನನ್ನ ನಂಬಿಕೆ. ಬ್ರೇಕ್ ಇದ್ದಾಗ ಬಯಲುಸೀಮೆಯಲ್ಲೂ ತಮಿಳುನಾಡಿನಲ್ಲೂ ಇಂಥ ಗುಡುಗು ಮಳೆ ಹೆಚ್ಚು. ಅದು ಒಮ್ಮೊಮ್ಮೆ ನಮ್ಮ ತೋಟದ ಮೇಲೂ ಅರ್ಧ ಗಂಟೆ ಸುರಿದು ಹೋಗುತ್ತದೆ, ಆದ್ದರಿಂದ ಮಧ್ಯಾಹ್ನದೊಳಗೇ ಹೊಡೆದು ಮುಗಿಸುವುದು ಕ್ಷೇಮ. ಗೊನೆಯ ಮೇಲೆ ದ್ರಾವಣ ಒಣಗಲು ಹೊತ್ತು ಬೇಕಲ್ಲ.

ಬ್ರೇಕ್ ಮುಗಿಯುವ ಸೂಚನೆ ಬರುವುದು ಬಂಗಾಳಕೊಲ್ಲಿಯಿಂದ. ಅದರ ಉತ್ತರ ಭಾಗದಲ್ಲಿ ವಾಯುಭಾರ ಕುಸಿತ ಆಗಲಿದೆ ಎಂಬ ಸಾಲು ಕಂಡರೆ, ದ್ರೋಣಿಯ ಪೂರ್ವದ ತುದಿ ಮತ್ತೆ ಸಮುದ್ರಕ್ಕೆ ಇಳಿಯುತ್ತದೆ, ಪಡುವಣ ಗಾಳಿ ಬಲವಾಗುತ್ತದೆ, ಎರಡು ಮೂರು ದಿನದಲ್ಲಿ ಘಟ್ಟದಲ್ಲಿ ಮಳೆ ಹಿಡಿಯುತ್ತದೆ ಎಂದು ಎಣಿಸುತ್ತೇನೆ. ಆಮೇಲೆ ಹೊಸ ಬ್ಲಾಕಿಗೆ ಕೈಹಾಕದೆ, ಪ್ರತಿ ವರ್ಷ ಕೊಳೆ ಮೊದಲು ಕಾಣಿಸುವ ಹಳ್ಳದ ಬದಿಯ ಮರಗಳನ್ನಷ್ಟೇ ಮುಗಿಸಿಕೊಳ್ಳುತ್ತೇವೆ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ದಿನವೇ ಖರ್ಚಾಗಬೇಕು, ನಾಳೆಗೆ ಇಟ್ಟರೆ ಕೆಲಸ ಮಾಡುವುದಿಲ್ಲ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಅವತ್ತು ಆಗುವಷ್ಟೇ ಕಲಸಿಕೊಳ್ಳುವುದು.